ಅಕ್ಕಾ, ಆ ಮಾತು ನಿಮ್ಮ ಸೀರೆಗೆ ಹೇಳಿದ್ದಲ್ಲ

ಅಕ್ಕಾ, ನಮಸ್ಕಾರ.

ನಿನ್ನೆ ರಾತ್ರಿ ಎರಡು ಸಲ ಕರೆ ಮಾಡಿದೆ, ನೀವು ಎತ್ತಲಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ನೀವು ನೋಡಿದ್ದನ್ನೇ ನಾನು ನೋಡಿದ್ದರೆ ನನಗೂ ಆ ಹೊತ್ತಿನಲ್ಲಿ ಮಾತು ಬೇಡವೆನಿಸುತ್ತಿತ್ತು. ಮೂರನೆಯ ಸಲ ಕರೆ ಮಾಡಿ ಕಾಡುವುದಕ್ಕಿಂತ, ನಿಮಗೆ ಸಮಾಧಾನವಾದಾಗ ಓದಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಅರ್ಧ ಹೇಳಿದ ಮಾತಿನಿಂದಲೇ ಇಷ್ಟು ಆಗಿದೆಯಾದ್ದರಿಂದ ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಓಣಿಯ ಗುಂಪಿನಲ್ಲಿ ನಿನ್ನೆ ಬೆಳಿಗ್ಗೆ "ಇದಕ್ಕೆ ಕೊಂಡಿ ಇಲ್ಲ, ಇದು ಯಂತ್ರಮಗ್ಗದ್ದು, ಕೈಮಗ್ಗದ ಸೀರೆಯೆಂದು ನಂಬಿ ಯಾರೂ ತೆಗೆದುಕೊಳ್ಳಬೇಡಿ" ಎಂದು ಬರೆದವಳು ನಾನೇ. ಆದರೆ ಅದು ನೀವು ಮಾರಲು ತಂದ ಸೀರೆಯ ಬಗ್ಗೆ ಬರೆದದ್ದಲ್ಲ. ಎದುರು ಮನೆಯ ವೈನಿಯವರು ಒಂಬತ್ತೂವರೆಯ ಸುಮಾರಿಗೆ ಯಾವುದೋ ಆನ್‌ಲೈನ್ ಅಂಗಡಿಯ ಜಾಹೀರಾತು ಕಳಿಸಿ, "900 ರೂಪಾಯಿಗೆ ಅಸಲಿ ಇಳಕಲ್ ಸೀರೆ ಎನ್ನುತ್ತಿದ್ದಾರೆ, ಪಂಚಮಿಗೆ ಮಗಳಿಗೆ ತರಿಸಲೇ?" ಎಂದು ಕೇಳಿದ್ದರು. ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಒಡಲಿನ ಹಸಿರು ಎಳೆಗಳೇ ನೇರವಾಗಿ ಸೆರಗಿನೊಳಗೆ ಮುಂದುವರಿದಿದ್ದವು, ಸೆರಗಿನ ಕೆಂಪು ಮಂಕಾಗಿ ಕಾಣುತ್ತಿತ್ತು, ಒಡಲು ಮತ್ತು ಸೆರಗು ಕೂಡುವಲ್ಲಿ ಜೋಡಣೆಯ ಗುರುತೇ ಇರಲಿಲ್ಲ. ಇದನ್ನು ನೋಡಲು ನನಗೆ ಕಲಿಸಿದವರೇ ನೀವು, ಅಕ್ಕಾ. ಎರಡು ವರ್ಷದ ಹಿಂದೆ ನಿಮ್ಮ ಅಟ್ಟದ ಟ್ರಂಕಿನಿಂದ ನಿಮ್ಮ ಅವ್ವನ ಸೀರೆ ತೆಗೆದು, ಅದನ್ನು ಹಿಮ್ಮಗ್ಗಲು ಮಾಡಿ, ಕೊಂಡಿಗಳ ಆ ಸಣ್ಣ ಸಾಲಿನ ಮೇಲೆ ನನ್ನ ಬೆರಳನ್ನು ಎಳೆಸಿ ತೋರಿಸಿದ್ದು ನೆನಪಿರಬೇಕು. ಹಾಗೆ ಕಲಿತದ್ದನ್ನೇ ವೈನಿಯವರಿಗೆ ಹೇಳಿದೆ.

ತಪ್ಪಾದದ್ದು ಎಲ್ಲಿ ಎಂದು ನಿನ್ನೆ ರಾತ್ರಿ ಹನ್ನೊಂದರವರೆಗೆ ಕುಳಿತು ಹುಡುಕಿದೆ. ತಮ್ಮನ ಹೆಂಡತಿಯ ಕುಬಸಕ್ಕೆಂದು ನಾನು ಇಳಕಲ್ಲಿಗೆ ಹೊರಟಿದ್ದೆ. ಬಸ್ಸು ಅಮೀನಗಡ ದಾಟಿದ ಮೇಲೆ ಆ ಮಾತನ್ನು ಬರೆದು ಕಳಿಸಿದೆ, ಆಗ ನೆಟ್‌ವರ್ಕ್ ಹೋಗಿತ್ತು. ಸಂದೇಶದ ಪಕ್ಕದಲ್ಲಿ ಗಡಿಯಾರದ ಗುರುತು ತಿರುಗುತ್ತಿದ್ದುದನ್ನು ನೋಡಿಯೂ, ತಾನಾಗಿ ಹೋಗುತ್ತದೆ ಎಂದುಕೊಂಡು ಫೋನನ್ನು ಚೀಲದೊಳಗೆ ಹಾಕಿಬಿಟ್ಟೆ. ಅದು ಹೋದದ್ದು ಹುನಗುಂದ ಹತ್ತಿರವಾದ ಮೇಲೆ. ಅಷ್ಟರಲ್ಲಿ ನೀವು ದಾಳಿಂಬೆ ಬಣ್ಣದ ಒಡಲು, ಗೋಮಿ ದಡಿಯ ಆ ಹೊಸ ಸೀರೆಯ ನಾಲ್ಕು ಚಿತ್ರಗಳನ್ನು ಹಾಕಿ, ಬೆಲೆಯನ್ನೂ ಬರೆದಿದ್ದಿರಿ. ಹೀಗಾಗಿ ನನ್ನ ಮಾತು ಉಳಿದ ಎಲ್ಲರ ಫೋನಿನಲ್ಲಿ ನೇರವಾಗಿ ನಿಮ್ಮ ಚಿತ್ರಗಳ ಕೆಳಗೆ ಬಂದು ಕುಳಿತಿದೆ. ನನ್ನ ಫೋನಿನಲ್ಲಿ ಮಾತ್ರ ಅದು ಇಂದಿಗೂ ವೈನಿಯವರ ಜಾಹೀರಾತಿನ ಕೆಳಗೆ, ನಿಮ್ಮ ಚಿತ್ರಗಳಿಗಿಂತ ಮೇಲೆಯೇ ಇದೆ. ಅದಕ್ಕಾಗಿಯೇ ಸಂಜೆಯವರೆಗೂ ನನಗೆ ಏನೂ ಹೊಳೆಯಲಿಲ್ಲ. ನೀವು "ಆಗಲಿ" ಎಂದು ಒಂದೇ ಮಾತು ಬರೆದು ಗುಂಪಿನಿಂದ ಹೊರಗೆ ಹೋದದ್ದನ್ನು ನೋಡಿದಾಗಲೂ, ಮನೆಯಲ್ಲಿ ಏನಾದರೂ ತೊಂದರೆಯಾಯಿತೇನೋ ಎಂದೇ ಗಾಬರಿಪಟ್ಟೆ.

ವೈನಿಯವರ ಫೋನಿನ ಸ್ಕ್ರೀನ್‌ಶಾಟ್ ತರಿಸಿಕೊಂಡು ನನ್ನದರ ಜೊತೆ ಇಟ್ಟು ನೋಡಿದ ಮೇಲೆಯೇ ವಿಷಯ ತಿಳಿಯಿತು. ಎರಡನ್ನೂ ಇದರ ಕೆಳಗೆ ಕಳಿಸುತ್ತೇನೆ. ನನ್ನ ಮಾತಿಗೆ ಸಾಕ್ಷಿ ಬೇಕೆಂದು ನೀವು ಕೇಳುತ್ತೀರಿ ಎಂದಲ್ಲ, ನಾವಿಬ್ಬರೂ ಎರಡು ಬೇರೆ ಬೇರೆ ಪರದೆಗಳನ್ನು ನೋಡುತ್ತಿದ್ದೆವು ಎಂಬುದನ್ನು ನೀವೂ ಕಣ್ಣಾರೆ ಕಾಣಲಿ ಎಂದು.

ನೆಟ್‌ವರ್ಕಿನ ಮೇಲೆ ಭಾರ ಹಾಕಿ ನಾನು ಕೈತೊಳೆದುಕೊಳ್ಳುವುದಿಲ್ಲ. ವೈನಿಯವರ ಚಿತ್ರವನ್ನು ಒತ್ತಿ ಹಿಡಿದು, ಅದಕ್ಕೇ ಉತ್ತರವಾಗಿ ಬರೆದಿದ್ದರೆ, ನನ್ನ ಮಾತು ಎಷ್ಟು ತಡವಾಗಿ ಹೋದರೂ ಯಾವ ಸೀರೆಗೆ ಹೇಳಿದ್ದೆಂದು ಎಲ್ಲರಿಗೂ ತಿಳಿಯುತ್ತಿತ್ತು. "ವೈನಿ" ಎಂದು ಒಂದು ಶಬ್ದ ಮೊದಲಿಗೆ ಸೇರಿಸಿದ್ದರೂ ಸಾಕಾಗಿತ್ತು. ಒಬ್ಬರ ದುಡಿಮೆಗೆ ತಗಲುವಂಥ ಮಾತನ್ನು ಬಸ್ಸಿನಲ್ಲಿ ಕುಳಿತು ಅವಸರದಲ್ಲಿ ಬರೆದದ್ದು ನನ್ನ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು, ಏಕೆಂದರೆ ನಿನ್ನೆಯ ಮಾತು ನಿಮಗೆ ಅಷ್ಟು ಸುಲಭವಾಗಿ ನಂಬುವಂತೆ ಕಂಡದ್ದಕ್ಕೆ ಅದೂ ಕಾರಣವಿರಬೇಕು ಎಂದು ನನಗೆ ಅನಿಸುತ್ತದೆ. ಕಾರಹುಣ್ಣಿಮೆಯ ಮರುದಿನ ನಿಮ್ಮ ಮನೆಯಲ್ಲಿ ಚಿಕ್ಕಿ ಪರಸ ದಡಿಯ ಸೀರೆಯನ್ನು ಕೈಯಲ್ಲಿ ಹಿಡಿದು, "3,800 ಸ್ವಲ್ಪ ಹೆಚ್ಚಾಯಿತಲ್ಲವೇ ಅಕ್ಕಾ" ಎಂದಿದ್ದೆ. ನೀವು ನಕ್ಕು ಸುಮ್ಮನಾದಿರಿ, ಚಹಾ ಮಾಡಿಕೊಂಡು ಬಂದಿರಿ, ಮಾತು ಬೇರೆ ಕಡೆಗೆ ಹೋಯಿತು. ಅದು ತಪ್ಪು ತಿಳಿವಳಿಕೆಯಲ್ಲ, ಆ ಮಾತನ್ನು ನಾನು ಆಡಿದ್ದೇನೆ, ನಿಮಗೆ ಅದು ಚುಚ್ಚಿರಬೇಕು. ನಿನ್ನೆ ಇಳಕಲ್ಲಿನಲ್ಲಿ ತಮ್ಮನ ಅತ್ತೆಯ ಮನೆಯ ಪಕ್ಕದಲ್ಲೇ ಒಂದು ಕುಣಿಮಗ್ಗವಿತ್ತು. ಊಟವಾದ ಮೇಲೆ ಹೋಗಿ ಕುಳಿತೆ. ಆ ನೇಕಾರರ ಮನೆಯ ಅತ್ತೆ ಸೊಸೆ ಇಬ್ಬರೂ ಎದುರುಬದುರಾಗಿ ಕುಳಿತು, ಒಡಲಿನ ಹಾಸಿನ ಎಳೆಗಳ ತುದಿಗೆ ಸೆರಗಿನ ರೇಷ್ಮೆ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸಿಕ್ಕಿಸುತ್ತಿದ್ದರು. ಅದು ಒಂದು ಸೀರೆಯ ಹಾಸು ಮಾತ್ರ, ಇನ್ನೊಂದು ಸೀರೆಗೆ ಮತ್ತೆ ಮೊದಲಿನಿಂದ ಹಾಸು ಮಾಡಿ ಮತ್ತೆ ಅಷ್ಟೂ ಕೊಂಡಿ ಹಾಕಬೇಕು ಎಂದು ಆ ಅತ್ತೆ ತಲೆ ಎತ್ತದೆಯೇ ಹೇಳಿದರು. ನಾನು ಅಲ್ಲಿ ಒಂದು ತಾಸು ಇದ್ದೆ, ಅವರ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ಅಲ್ಲಿ ಕುಳಿತಾಗಲೇ ನಿಮ್ಮ ಬೆಲೆಯ ಬಗ್ಗೆ ನಾನಾಡಿದ ಮಾತು ನೆನಪಾಗಿ ನಾಚಿಕೆಯಾಯಿತು, ಮನೆಗೆ ಬಂದವಳೇ ನಿಮಗೆ ಹೇಳಬೇಕೆಂದುಕೊಂಡಿದ್ದೆ. ಬಂದು ಫೋನು ತೆಗೆದರೆ ಹೀಗಾಗಿತ್ತು.

ನೀವು ವೈನಿಯವರ ಹತ್ತಿರ ಬೇಸರದಿಂದ ಏನೋ ಹೇಳಿಕೊಂಡಿರಿ ಎಂದು ಅವರು ಹೇಳಲು ಬಂದರು, ನಾನು ಬೇಡವೆಂದು ತಡೆದೆ. ನಿಮ್ಮ ಮಾತನ್ನು ನಿಮ್ಮ ಬಾಯಿಂದಲೇ ಕೇಳುತ್ತೇನೆ, ಬೈದರೂ ಕೇಳುತ್ತೇನೆ. ನಡುವೆ ಒಬ್ಬರು ಬಂದರೆ ಮಾತಿಗೆ ಬಣ್ಣ ಹತ್ತುತ್ತದೆ.

ಈಗ ತುರ್ತಾಗಿ ಆಗಬೇಕಾದದ್ದು ನಿಮ್ಮ ಸೀರೆಗಳ ವಿಷಯ. ಗುಂಪಿನಲ್ಲಿ ಇಬ್ಬರು ತಾವು ಹೇಳಿಟ್ಟ ಸೀರೆ ಬೇಡವೆಂದರೆಂದು ವೈನಿಯವರಿಂದ ತಿಳಿಯಿತು. ಪಂಚಮಿಗೆ ಇನ್ನು ಹದಿನೆಂಟೇ ದಿನ ಉಳಿದಿವೆ. ನೇಕಾರರ ಮನೆಗೆ ನೀವು ಮುಂಗಡ ಕೊಟ್ಟಿರುವುದೂ ನನಗೆ ಗೊತ್ತು. ಆ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಿಬಿಡಬಹುದಿತ್ತು, ಆದರೆ ಅಳಿಸಿದರೆ ಏನನ್ನೋ ಮುಚ್ಚಿದಂತೆ ಕಾಣುತ್ತದೆ, ಓದಿದವರ ಮನಸ್ಸಿನಲ್ಲಿ ಸಂಶಯ ಹಾಗೆಯೇ ಉಳಿಯುತ್ತದೆ. ಅದಕ್ಕೆ ಅಳಿಸದೆ, ಅದರ ಕೆಳಗೇ ಹೀಗೆ ಬರೆಯಬೇಕೆಂದಿದ್ದೇನೆ:

"ಎಲ್ಲರಿಗೂ ನಮಸ್ಕಾರ. ನಿನ್ನೆ ನಾನು 'ಕೊಂಡಿ ಇಲ್ಲ, ಯಂತ್ರಮಗ್ಗದ್ದು' ಎಂದು ಬರೆದದ್ದು ಬೆಳಿಗ್ಗೆ ಬಂದ 900 ರೂಪಾಯಿಯ ಆನ್‌ಲೈನ್ ಜಾಹೀರಾತಿನ ಸೀರೆಯ ಬಗ್ಗೆ ಮಾತ್ರ. ನಾನು ಬಸ್ಸಿನಲ್ಲಿದ್ದು, ನೆಟ್‌ವರ್ಕ್ ಇಲ್ಲದೆ ಆ ಸಂದೇಶ ತಡವಾಗಿ ಹೋಗಿ, ಅಕ್ಕನವರ ಚಿತ್ರಗಳ ಕೆಳಗೆ ಕಾಣಿಸಿಕೊಂಡಿದೆ. ಅಕ್ಕನವರು ತರುವ ಸೀರೆಗಳು ಇಳಕಲ್ಲಿನ ಕುಣಿಮಗ್ಗದಲ್ಲಿ ಕೊಂಡಿ ಹಾಕಿ ನೇಯ್ದವು. ಅವರಿಂದ ತಂದ ಸೀರೆ ನನ್ನಲ್ಲೂ ಇದೆ, ಅದರ ಹಿಮ್ಮಗ್ಗಲಿನ ಚಿತ್ರವನ್ನು ಇದರ ಜೊತೆ ಹಾಕಿದ್ದೇನೆ, ಒಡಲು ಮತ್ತು ಸೆರಗು ಕೂಡುವ ಸಾಲನ್ನು ಎಲ್ಲರೂ ನೋಡಬಹುದು. ನನ್ನ ಅವಸರದಿಂದ ಅಕ್ಕನವರಿಗೆ ನೋವಾಗಿದೆ. ಇದು ನನ್ನ ತಪ್ಪು, ಅವರ ಸೀರೆಯದಲ್ಲ."

ಇದರಲ್ಲಿ ಯಾವ ಶಬ್ದ ಬೇಡವೆನಿಸಿದರೂ ಹೇಳಿ, ತೆಗೆಯುತ್ತೇನೆ. ನಿಮ್ಮ ನೋವಿನ ಮಾತು ಓಣಿಯ ಮುಂದೆ ಬರುವುದು ಬೇಡವೆಂದರೆ ಕೊನೆಯ ಎರಡು ವಾಕ್ಯಗಳನ್ನು ಬಿಡುತ್ತೇನೆ. ನಿಮ್ಮನ್ನು ಕೇಳದೆ ಹಾಕುವ ಮನಸ್ಸಿಲ್ಲ, ಆದರೆ ತಡವಾದಷ್ಟೂ ನಷ್ಟ ನಿಮಗೇ ಆಗುತ್ತದೆಯಾದ್ದರಿಂದ ಇಂದು ಮಧ್ಯಾಹ್ನದೊಳಗೆ "ಹಾಕು" ಅಥವಾ "ಬೇಡ" ಎಂದು ಒಂದು ಶಬ್ದ ಕಳಿಸಿದರೂ ಸಾಕು. ಸೀರೆ ಬೇಡವೆಂದ ಆ ಇಬ್ಬರ ಮನೆಗೂ ನಾನೇ ಹೋಗಿ ಹೇಳಿ ಬರುತ್ತೇನೆ. ಗುಂಪಿಗೆ ನೀವು ಮರಳಿ ಬರಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು, ಆ ವಿಷಯದಲ್ಲಿ ನಾನು ಒತ್ತಾಯ ಮಾಡುವುದಿಲ್ಲ.

ಹಳೆಯ ಬಾಗಲಕೋಟೆಯ ನಮ್ಮ ಮನೆ ಮುಳುಗಡೆಗೆ ಹೋಗಿ, ನವನಗರದ ಸೆಕ್ಟರಿಗೆ ಸಾಮಾನು ಇಳಿಸಿದ ದಿನ ಇಡೀ ಓಣಿಯಲ್ಲಿ ನನಗೆ ಒಂದು ಮುಖವೂ ಪರಿಚಯವಿರಲಿಲ್ಲ. ನಲ್ಲಿಗೆ ನೀರು ಬಂದಿರಲಿಲ್ಲ, ಮಗ ಅಳುತ್ತಿದ್ದ. ನೀವು ಎರಡು ಕೊಡ ನೀರು ತಂದಿಟ್ಟು, ಹೆಸರನ್ನೂ ಕೇಳದೆ, ರೊಟ್ಟಿ ಪಲ್ಯದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಿರಿ. ಅಂದಿನಿಂದ ನಿಮ್ಮನ್ನು ಅಕ್ಕಾ ಎನ್ನುತ್ತಿದ್ದೇನೆ, ಕರೆಯಲಿಕ್ಕೆ ಒಂದು ಹೆಸರು ಬೇಕೆಂದು ಅಲ್ಲ. ನಿಮ್ಮ ಸೀರೆಯ ಬಗ್ಗೆ ನನಗೆ ನಿಜವಾಗಿಯೂ ಸಂಶಯವಿದ್ದಿದ್ದರೆ ನಿಮ್ಮ ಅಡುಗೆಮನೆಯಲ್ಲಿ ಕುಳಿತು ನಿಮಗೊಬ್ಬರಿಗೇ ಹೇಳುತ್ತಿದ್ದೆ, ನಲವತ್ತು ಜನರ ಮುಂದೆ ಹೇಳುತ್ತಿರಲಿಲ್ಲ.

ಸಂಜೆ ಐದರ ಮೇಲೆ ಮನೆಯಲ್ಲಿರುತ್ತೀರಾ? ಇರುತ್ತೀರೆಂದರೆ ಬರುತ್ತೇನೆ. ಇನ್ನೂ ಎರಡು ದಿನ ಬೇಕೆನಿಸಿದರೆ ಹಾಗೆಂದು ಬರೆಯಿರಿ, ಕಾಯುತ್ತೇನೆ. ಬರುವಾಗ ಪಂಚಮಿಯ ಉಂಡಿಗೆ ನೀವು ಹೇಳಿದ್ದ ಬೆಲ್ಲವನ್ನೂ ತರುತ್ತೇನೆ. ಆ ಚಿಕ್ಕಿ ಪರಸ ದಡಿಯ ಸೀರೆ ಇನ್ನೂ ಯಾರಿಗೂ ಹೋಗಿಲ್ಲದಿದ್ದರೆ ಅದನ್ನು ನನಗೆ ಎತ್ತಿಡಿ, ಅಕ್ಕಾ. ನೀವು ಹೇಳಿದ ಬೆಲೆಗೇ ಬೇಕು, ಒಂದು ರೂಪಾಯಿಯನ್ನೂ ಕಡಿಮೆ ಮಾಡಬೇಡಿ.