ಕ್ಲೈಂಟ್‌ಗೆ ಹೊರೆಯಾಗುವ ತಪ್ಪು ನನ್ನ ಕೈಯಿಂದಲೇ ಆಗಿದ್ದರೆ

ಹುದ್ದೆ: ಸೀನಿಯರ್ ಅಕೌಂಟ್ಸ್ ಅಸಿಸ್ಟೆಂಟ್, ಜಿಎಸ್‌ಟಿ ವಿಭಾಗ, ಹುಬ್ಬಳ್ಳಿ ಕಚೇರಿ
ಲಿಖಿತ ಸುತ್ತು, ಪ್ರಶ್ನೆ 4: ನೀವು ಮಾಡಿದ ಕೆಲಸದಲ್ಲಿ ಒಂದು ಗಂಭೀರ ತಪ್ಪಾಗಿದೆ, ಅದರಿಂದ ಕ್ಲೈಂಟ್‌ಗೆ ನಷ್ಟವಾಗುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ. ಏನು ಮಾಡುತ್ತೀರಿ?

ಉತ್ತರ:

ಸರ್, "ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ" ಎಂದು ಒಂದು ಸಾಲು ಬರೆದರೆ ಉತ್ತರ ಮುಗಿಯುತ್ತದೆ. ಆದರೆ ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ನಮ್ಮ ಕೆಲಸದಲ್ಲಿ ನಿಜಕ್ಕೂ ಆಗಬಹುದಾದ ಒಂದು ಸಂದರ್ಭ ಇಟ್ಟುಕೊಂಡು ಬರೆಯುತ್ತೇನೆ.

ಕ್ಲೈಂಟ್ ರಾಣೆಬೆನ್ನೂರಿನ ಒಬ್ಬ ಪಿವಿಸಿ ಪೈಪ್ ಡೀಲರ್ ಎಂದುಕೊಳ್ಳಿ. ಅವರ ಸೆಪ್ಟೆಂಬರ್ ತಿಂಗಳ ಟ್ಯಾಕ್ಸ್ ಲೆಕ್ಕದ 3ಬಿ ರಿಟರ್ನ್ ಅನ್ನು ನಾನು ಅಕ್ಟೋಬರ್ 20ಕ್ಕೆ ಫೈಲ್ ಮಾಡಿದ್ದೇನೆ. 12 ಲಕ್ಷದ ಒಂದು ಖರೀದಿ ಬಿಲ್ ಇದೆ, ಅದರ ಮೇಲೆ ಜಿಎಸ್‌ಟಿ 2,16,000. ಆ ಬಿಲ್, ಮಾರಿದವರು ತೋರಿಸಿದ ಬಿಲ್‌ಗಳು ಪೋರ್ಟಲ್‌ನಲ್ಲಿ ಕಾಣುವ 2ಬಿ ಯಲ್ಲಿ `INV/047/24-25` ಎಂದು ಬಂದಿದೆ. ಅಂಗಡಿಯವರು ಟ್ಯಾಲಿಯಲ್ಲಿ ಬರೀ `47` ಎಂದು ಹಾಕಿದ್ದಾರೆ. ನನ್ನ ಎಕ್ಸೆಲ್ ಎರಡನ್ನೂ ಬೇರೆ ಬೇರೆ ಬಿಲ್ ಎಂದು ತಿಳಿದಿದೆ. ನಾನೂ ಕಣ್ಣಾಡಿಸಿ ನೋಡಿಲ್ಲ. ಒಂದೇ ಬಿಲ್‌ಗೆ ಎರಡು ಸಲ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದೇನೆ, ಅಂದರೆ ಖರೀದಿಯಲ್ಲಿ ಕೊಟ್ಟ ಟ್ಯಾಕ್ಸ್ ಅನ್ನು ಕಟ್ಟಬೇಕಾದ ಟ್ಯಾಕ್ಸ್‌ನಲ್ಲಿ ಎರಡು ಸಲ ಮುರಿದುಕೊಂಡಿದ್ದೇನೆ. ಫೆಬ್ರವರಿ 10ಕ್ಕೆ ವರ್ಷದ ಲೆಕ್ಕ ತಾಳೆ ನೋಡುವಾಗ ಇದು ಸಿಗುತ್ತದೆ.

ಈಗ ನನ್ನ ಮುಂದೆ ಒಂದು ಸುಲಭದ ದಾರಿ ಇದೆ, ಅದನ್ನು ಮುಚ್ಚಿಡುವುದು ಬೇಡ. ಜನವರಿ ತಿಂಗಳ 3ಬಿ ಇನ್ನೂ ಫೈಲ್ ಆಗಿಲ್ಲ. ಅದರಲ್ಲಿ 2,16,000 ಅನ್ನು ಸುಮ್ನೆ ರಿವರ್ಸ್ ಮಾಡಿ, "ಈ ತಿಂಗಳು ಟ್ಯಾಕ್ಸ್ ಸ್ವಲ್ಪ ಜಾಸ್ತಿ ಬಂದಿದೆ" ಎಂದರೆ ಆಯಿತು. ಸಾಹುಕಾರರು ಯಾವತ್ತೂ ಕೇಳುವುದಿಲ್ಲ. ಕೇಳಿದರೂ ಪೋರ್ಟಲ್ ಮೇಲೆ ಹಾಕಬಹುದು. ಜಿಎಸ್‌ಟಿ ಪೋರ್ಟಲ್ ಮಾಡದ ತಪ್ಪುಗಳೂ ಅದರ ಲೆಕ್ಕಕ್ಕೆ ಎಷ್ಟು ಬಿದ್ದಿವೆ ಎಂದು ನಿಮಗೇ ಗೊತ್ತು.

ನಾನು ಹಾಗೆ ಮಾಡುವುದಿಲ್ಲ. ಕಾರಣ ಒಂದೇ. ರಿಟರ್ನ್ ನಾನು ತುಂಬುತ್ತೇನೆ, ಆದರೆ ಅದು ನನ್ನದಲ್ಲ. ಫೈಲ್ ಮಾಡುವಾಗ ಓಟಿಪಿ ಬರುವುದು ಅವರ ಮೊಬೈಲ್‌ಗೆ. "ಓಟಿಪಿ ಹೇಳಿ ಸರ್" ಎಂದು ನಾವು ಫೋನ್ ಮಾಡಿದಾಗ ಅವರು ಗ್ರಾಹಕರ ಜೊತೆ ಮಾತಾಡುತ್ತಲೇ ಆರು ಅಂಕಿ ಓದಿ ಹೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅದು ಅವರ ಸಹಿ. ತಪ್ಪು ರಿಟರ್ನ್‌ಗೆ ಅವರು ಗೊತ್ತಿಲ್ಲದೆ ಸಹಿ ಹಾಕಿದ್ದಾರೆ. ಅದನ್ನು ಸರಿಮಾಡುವ ರಿಟರ್ನ್‌ಗೂ ಗೊತ್ತಿಲ್ಲದೆಯೇ ಸಹಿ ಹಾಕಿಸುವುದು ಮೊದಲಿನ ತಪ್ಪಿಗಿಂತ ಕೆಟ್ಟದ್ದು. ಮೊದಲನೆಯದು ಅಜಾಗರೂಕತೆ, ಎರಡನೆಯದು ಮೋಸ.

ಹಾಗಂತ ತಪ್ಪು ಕಂಡ ಕ್ಷಣವೇ ನಿಮ್ಮ ಕ್ಯಾಬಿನ್‌ಗೆ ಓಡಿ ಬರುವುದಿಲ್ಲ. ಒಂದು ಗಂಟೆ ಬೇಕು. "ಏನೋ ತಪ್ಪಾಗಿದೆ ಸರ್" ಎಂದು ಬಂದರೆ ನೀವು ಕೇಳುವ ಮೊದಲ ನಾಲ್ಕು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಆ ಗಂಟೆಯಲ್ಲಿ ಯಾವ ಫೈಲ್ ಅನ್ನೂ ತಿದ್ದುವುದಿಲ್ಲ. ಅಕ್ಟೋಬರ್‌ನಲ್ಲಿ ಬಳಸಿದ ಎಕ್ಸೆಲ್ ಅನ್ನು ಹಾಗೇ ಬೇರೆ ಫೋಲ್ಡರ್‌ನಲ್ಲಿ ಕಾಪಿ ಇಡುತ್ತೇನೆ. ಏನಾಯಿತು ಎಂದು ನಾಳೆ ತೋರಿಸಲು ಅದೊಂದೇ ದಾಖಲೆ.

ಆಮೇಲೆ ಪೋರ್ಟಲ್‌ನಲ್ಲಿ ಎಲೆಕ್ಟ್ರಾನಿಕ್ ಕ್ರೆಡಿಟ್ ಲೆಡ್ಜರ್ ತೆಗೆಯುತ್ತೇನೆ. ಇಲ್ಲಿ ಒಂದು ಮುಖ್ಯ ವಿಷಯ ಇದೆ. ತಪ್ಪಾಗಿ ಕ್ರೆಡಿಟ್ ತೆಗೆದುಕೊಂಡ ಮಾತ್ರಕ್ಕೆ ಬಡ್ಡಿ ಬೀಳುವುದಿಲ್ಲ. ಅದನ್ನು ಬಳಸಿದರೆ ಮಾತ್ರ ಬೀಳುತ್ತದೆ. ನಿಯಮ 88ಬಿ ಪ್ರಕಾರ, ಲೆಡ್ಜರ್ ಬ್ಯಾಲೆನ್ಸ್ ಆ ತಪ್ಪು ಮೊತ್ತಕ್ಕಿಂತ ಕೆಳಗೆ ಇಳಿದಾಗಲೇ, ಇಳಿದಷ್ಟಕ್ಕೆ, ಬಳಸಿದಂತೆ ಲೆಕ್ಕ. ಅಕ್ಟೋಬರ್‌ನಿಂದ ಈವರೆಗೆ ಬ್ಯಾಲೆನ್ಸ್ ಯಾವತ್ತೂ 2,16,000ಕ್ಕಿಂತ ಕೆಳಗೆ ಇಳಿದಿಲ್ಲ ಎಂದರೆ ರಿವರ್ಸ್ ಮಾಡಿದರೆ ಸಾಕು, ಬಡ್ಡಿ ಇಲ್ಲ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು, ತಲಾ 1,08,000.

ಆದರೆ ಕೆಟ್ಟ ಸ್ಥಿತಿಯನ್ನೇ ಇಟ್ಟುಕೊಳ್ಳೋಣ. ಅಕ್ಟೋಬರ್ 20ಕ್ಕೇ ಬ್ಯಾಲೆನ್ಸ್ ಪೂರ್ತಿ ಖಾಲಿಯಾಗಿದೆ. ಆಗ ವರ್ಷಕ್ಕೆ ಶೇ. 18ರಂತೆ ಬಡ್ಡಿ. ದಿನಕ್ಕೆ ಹೆಚ್ಚುಕಡಿಮೆ 106.50 ರೂಪಾಯಿ. ಫೆಬ್ರವರಿ 20ರವರೆಗೆ 123 ದಿನ, ಒಟ್ಟು ಸುಮಾರು 13,100. ಬಡ್ಡಿಯನ್ನು ಕ್ರೆಡಿಟ್‌ನಿಂದ ಕಟ್ಟಲು ಬರುವುದಿಲ್ಲ, ಕ್ಯಾಶ್ ಲೆಡ್ಜರ್‌ನಿಂದಲೇ ಕಟ್ಟಬೇಕು. ಜನವರಿಯ ಕ್ರೆಡಿಟ್ ಸಾಲದಿದ್ದರೆ 2,16,000ದಲ್ಲೂ ಒಂದಷ್ಟು ಕ್ಯಾಶ್ ಬೇಕಾಗುತ್ತದೆ. ಪೈಪ್ ವ್ಯಾಪಾರದಲ್ಲಿ ದುಡ್ಡು ರೈತರ ಹತ್ತಿರ ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತದೆ. 19ಕ್ಕೆ ಫೋನ್ ಮಾಡಿ "ನಾಳೆ ಎರಡು ಲಕ್ಷ ರೆಡಿ ಇಡಿ" ಎಂದರೆ ಅವರು ಎಲ್ಲಿಂದ ತರಬೇಕು? ಹೇಳುವುದನ್ನು ಒಂದು ವಾರ ತಡ ಮಾಡಿದರೆ ಬಡ್ಡಿ ಜಾಸ್ತಿಯಾಗುವುದು 750 ರೂಪಾಯಿಯ ಆಸುಪಾಸು ಅಷ್ಟೇ, ಆದರೆ ದುಡ್ಡು ಹೊಂದಿಸಲು ಅವರಿಗಿದ್ದ ಆ ವಾರ ಹೋಗುತ್ತದೆ.

ಇಷ್ಟು ಕೈಯಲ್ಲಿ ಹಿಡಿದು ನಿಮ್ಮ ಹತ್ತಿರ ಬರುತ್ತೇನೆ. ನೀವು ಹೊರಗಡೆ ಇದ್ದರೆ ಸಂಜೆಯವರೆಗೆ ಕಾಯದೆ ಈ ಮೆಸೇಜ್ ಕಳಿಸುತ್ತೇನೆ:

"ಸರ್, ರಾಣೆಬೆನ್ನೂರು ಪೈಪ್ ಡೀಲರ್ ಅವರ ಸೆಪ್ಟೆಂಬರ್ 3ಬಿ ಯಲ್ಲಿ ಒಂದು ಬಿಲ್‌ನ ಇನ್‌ಪುಟ್ ಕ್ರೆಡಿಟ್ ಎರಡು ಸಲ ಹೋಗಿದೆ. ಮೊತ್ತ 2,16,000. ನಾನು ಮಾಡಿದ ರಿಟರ್ನ್. ಕ್ರೆಡಿಟ್ ಅಕ್ಟೋಬರ್ 20ಕ್ಕೆ ಬಳಕೆಯಾಗಿದೆ. ಈ ತಿಂಗಳ 20ಕ್ಕೆ ಕಟ್ಟಿದರೆ ಬಡ್ಡಿ ಸುಮಾರು 13,100. ನೋಟಿಸ್ ಏನೂ ಬಂದಿಲ್ಲ, ಪೋರ್ಟಲ್ ಈಗ ನೋಡಿದೆ. ಯಾವುದನ್ನೂ ತಿದ್ದಿಲ್ಲ, ಕ್ಲೈಂಟ್‌ಗೂ ಹೇಳಿಲ್ಲ. ಜನವರಿ 3ಬಿ ಯಲ್ಲೇ ರಿವರ್ಸ್ ಮಾಡಬಹುದು. ಅವರಿಗೆ ಇವತ್ತೇ ಹೇಳಬೇಕು ಅನ್ನಿಸುತ್ತದೆ. ನೀವು ಮಾತಾಡುತ್ತೀರಾ, ನಾನು ಮಾತಾಡಲಾ?"

ಅಂಗಡಿಯವರ ಎಂಟ್ರಿಯಲ್ಲಿ ಬಿಲ್ ನಂಬರ್ ಅರ್ಧಂಬರ್ಧ ಇತ್ತು ಎಂಬುದನ್ನು ಈ ಮೆಸೇಜ್‌ನಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಅದು ನಿಜ, ಆಮೇಲೆ ಹೇಳುತ್ತೇನೆ ಕೂಡ. ಆದರೆ ಮೊದಲ ಮಾತಿನಲ್ಲೇ ಅದು ಬಂದರೆ ನೆಪದ ಹಾಗೆ ಕೇಳುತ್ತದೆ. ನಂಬರ್ ಹೇಗಾದರೂ ಇರಲಿ, ತಾಳೆ ನೋಡುವುದಕ್ಕೇ ಅಲ್ವಾ ಅವರು ನಮಗೆ ಫೀಸು ಕೊಡುವುದು?

ಕ್ಲೈಂಟ್ ಜೊತೆ ಯಾರು ಮಾತಾಡಬೇಕು ಎಂಬುದು ನಿಮ್ಮ ತೀರ್ಮಾನ. ಅವರ ನಂಬಿಕೆ ಇರುವುದು ಆಡಿಟರ್ ಮೇಲೆ, ನನ್ನ ಮೇಲಲ್ಲ. ಆದರೆ ನನಗೇ ಮಾತಾಡಲು ಬಿಟ್ಟರೆ ವಾಟ್ಸಾಪ್‌ನಲ್ಲಿ ಶುರು ಮಾಡುವುದಿಲ್ಲ, ಫೋನ್ ಮಾಡುತ್ತೇನೆ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ, ಹೀಗೆ:

"ಸಾಹುಕಾರ್ರೆ, ನಿಮ್ಮ ಸೆಪ್ಟೆಂಬರ್ ರಿಟರ್ನ್‌ನಾಗ ಒಂದು ತಪ್ಪು ಆಗೇತ್ರಿ. ನಮ್ಮ ಕಡೆಯಿಂದ ಆಗಿದ್ದು. ಒಂದು ಬಿಲ್‌ನ ಟ್ಯಾಕ್ಸ್ ಎರಡು ಸಲ ಮುರಕೊಂಡೇವಿ. 2 ಲಕ್ಷ 16 ಸಾವಿರ ವಾಪಸ್ ಕಟ್ಟಬೇಕು. ಅದು ಹೊಸ ಖರ್ಚಲ್ಲ, ಅಕ್ಟೋಬರ್‌ನಾಗ ಕಟ್ಟಬೇಕಾಗಿದ್ದ ರೊಕ್ಕ. ಆದ್ರ ಅದರ ಮ್ಯಾಲೆ 13 ಸಾವಿರದಷ್ಟು ಬಡ್ಡಿ ಬರ್ತೈತಿ. ಅದು ನಮ್ಮ ತಪ್ಪಿನಿಂದ ಬಂದಿದ್ದು."

ಅವರು ಮೊದಲು ಕೇಳುವುದು "ನೋಟಿಸ್ ಬರ್ತೈತೇನು?" ಎಂದೇ. ಸಣ್ಣ ವ್ಯಾಪಾರಿಗೆ ಬಡ್ಡಿಗಿಂತ ಆ ಪದದ ಭಯ ದೊಡ್ಡದು. ಇರುವುದನ್ನೇ ಹೇಳುತ್ತೇನೆ. 2ಬಿ ಗೂ 3ಬಿ ಗೂ ವ್ಯತ್ಯಾಸ ಇದ್ದರೆ ಪೋರ್ಟಲ್ ತಾನಾಗಿಯೇ ಡಿಆರ್‌ಸಿ-01ಸಿ ಎಂಬ ಸೂಚನೆ ಕಳಿಸಬಹುದು, ಅದಕ್ಕೆ ಏಳು ದಿನದಲ್ಲಿ ಉತ್ತರ ಕೊಡಬೇಕು, ಆ ಉತ್ತರ ನಾವು ಸಿದ್ಧ ಮಾಡಿಡುತ್ತೇವೆ. ಇದು ಬೇಕೆಂದು ಮಾಡಿದ ವಂಚನೆಯಲ್ಲ. ಹಾಗಾಗಿ ಶೋಕಾಸ್ ನೋಟಿಸ್ ಬರುವ ಮುಂಚೆ ಟ್ಯಾಕ್ಸ್ ಮತ್ತು ಬಡ್ಡಿ ನಾವಾಗಿಯೇ ಕಟ್ಟಿದರೆ ದಂಡ ಇಲ್ಲ. "ಏನೂ ಆಗಲ್ಲ, ಚಿಂತೆ ಬಿಡಿ" ಎಂದು ಮಾತ್ರ ಹೇಳುವುದಿಲ್ಲ. ಆ ಭರವಸೆ ಕೊಡಲು ನಾನು ಯಾರು?

ಎರಡನೇ ಪ್ರಶ್ನೆ "ಆ 13 ಸಾವಿರ ಯಾರು ಕೊಡೋದು?" ನನ್ನ ಅನಿಸಿಕೆ ಕೇಳಿದರೆ ಕಚೇರಿ ಕೊಡಬೇಕು, ಇಲ್ಲವೇ ಫೀಸಿನಲ್ಲಿ ಮುರಿದುಕೊಳ್ಳಬೇಕು. ನಾಲ್ಕು ತಿಂಗಳು ಆ ದುಡ್ಡು ಅವರ ವ್ಯಾಪಾರದಲ್ಲೇ ಓಡಾಡಿದೆ ಎಂದು ವಾದ ಮಾಡಬಹುದು. ನಿಜವೇ, ಆದರೆ ಅವರು ಆ ಸಾಲ ಕೇಳಿರಲಿಲ್ಲ. ಇದನ್ನು ಕ್ಲೈಂಟ್ ಮುಂದೆ ನಾನು ಹೇಳುವುದಿಲ್ಲ. "ಸರ್ ಹತ್ರ ಮಾತಾಡಿ ನಾಳೆಯೊಳಗ ಹೇಳ್ತೀನ್ರಿ" ಎನ್ನುತ್ತೇನೆ. ಮತ್ತು ನಾಳೆಯೊಳಗೆ ಹೇಳುತ್ತೇನೆ.

ಮಾತು ಮುಗಿದ ಮೇಲೆ ಅದೇ ಅಂಕಿಗಳನ್ನು ಬರೆದು ಮೇಲ್ ಮಾಡುತ್ತೇನೆ. ಸರಿಮಾಡುವ ಕೆಲಸ ಇದ್ದುದರಲ್ಲಿ ಸುಲಭ: 3ಬಿ ಯ ಕೋಷ್ಟಕ 4(ಬಿ)(2)ರಲ್ಲಿ ರಿವರ್ಸಲ್, 5.1ರಲ್ಲಿ ಬಡ್ಡಿ, ನೀವು ಚೆಕ್ ಮಾಡಿದ ಮೇಲೆ ಓಟಿಪಿ. ಒಂದೇ ಒಂದು ಕಡೆ ಎಚ್ಚರ ಬೇಕು. 4(ಬಿ)(2)ರಲ್ಲಿ ಹಾಕಿದ್ದು ಮುಂದೆ ಮತ್ತೆ ಕ್ಲೇಮ್ ಮಾಡಬಹುದಾದ ಮೊತ್ತದ ಪಟ್ಟಿಯಲ್ಲಿ ನಿಲ್ಲುತ್ತದೆ. ಮುಂದಿನ ವರ್ಷ ಈ ಫೈಲ್ ಬೇರೆಯವರ ಕೈಗೆ ಹೋಗಿ, ಅವರು "ಅರೆ, ಎರಡು ಲಕ್ಷ ಬಾಕಿ ಇದೆ" ಎಂದು ತೆಗೆದುಕೊಂಡುಬಿಟ್ಟರೆ ಅದೇ ತಪ್ಪು ಎರಡನೇ ಸಲ. ಅದಕ್ಕೇ ಫೈಲ್‌ನ ಮೊದಲ ಪುಟದಲ್ಲೇ "ಮರಳಿ ಕ್ಲೇಮ್ ಮಾಡಬಾರದು" ಎಂದು ಕಾರಣ ಸಮೇತ ಬರೆದಿಡುತ್ತೇನೆ.

ಇನ್ನೂ ಒಂದು ಕೆಲಸ ಇದೆ, ಅದನ್ನು ನನಗೆ ಯಾರೂ ಹೇಳದಿದ್ದರೂ ಮಾಡಬೇಕು. ಅದೇ ಎಕ್ಸೆಲ್ ಶೀಟನ್ನು ನಾನು ಬೇರೆ ಕ್ಲೈಂಟ್‌ಗಳಿಗೂ ಬಳಸಿರುತ್ತೇನೆ. ತಪ್ಪು ಒಂದು ಅಂಗಡಿಯದಲ್ಲ, ಶೀಟಿನದು. ಬಿಲ್ ನಂಬರ್ ಬಿಟ್ಟು ಜಿಎಸ್‌ಟಿ ನಂಬರ್, ತಾರೀಖು, ಟ್ಯಾಕ್ಸ್ ಮೊತ್ತ ಈ ಮೂರರ ಮೇಲೆ ಎಲ್ಲರದ್ದನ್ನೂ ಮತ್ತೆ ನೋಡುತ್ತೇನೆ. ಕ್ರೆಡಿಟ್ ತೆಗೆದುಕೊಂಡ ಬಿಲ್‌ಗಳ ಪಟ್ಟಿಯ ಎ, ಡಿ, ಇ ಕಾಲಂಗಳಲ್ಲಿ ಅವು ಇದ್ದರೆ:

```
=COUNTIFS(A:A,A2,D:D,D2,E:E,E2)
```

ಉತ್ತರ 1ಕ್ಕಿಂತ ಜಾಸ್ತಿ ಬಂದ ಸಾಲುಗಳನ್ನು ಕೈಯಿಂದ ಪರೀಕ್ಷಿಸಬೇಕು. ಇನ್ನೊಬ್ಬ ಕ್ಲೈಂಟ್‌ನಲ್ಲಿ ಇದೇ ಸಿಕ್ಕರೆ ಮತ್ತೆ ನಿಮ್ಮ ಕ್ಯಾಬಿನ್‌ಗೆ ಬರುತ್ತೇನೆ. ಎರಡನೇ ಸಲ ಬರುವುದು ಮೊದಲ ಸಲಕ್ಕಿಂತ ಕಷ್ಟ ಎಂದು ಗೊತ್ತು.

ಇದು ಸರಿಮಾಡಬಹುದಾದ ತಪ್ಪು. ಇದರ ಉಲ್ಟಾ ಆಗಿದ್ದರೆ? ಹೋದ ವರ್ಷದ ಬಿಲ್‌ಗೆ ಕ್ರೆಡಿಟ್ ತೆಗೆದುಕೊಳ್ಳುವುದನ್ನೇ ಮರೆತು, ಅದು ಡಿಸೆಂಬರ್‌ನಲ್ಲಿ ಗೊತ್ತಾಗಿದ್ದರೆ? ನವೆಂಬರ್ 30 ದಾಟಿದ ಮೇಲೆ, ವಾರ್ಷಿಕ ರಿಟರ್ನ್ ಅದಕ್ಕೂ ಮುಂಚೆ ಹಾಕಿದ್ದರೆ ಆ ದಿನದಿಂದಲೇ, ಆ ಕ್ರೆಡಿಟ್ ಹೋದ ಹಾಗೆ. ಅಲ್ಲಿ ಬಡ್ಡಿಯ ಮಾತಿಲ್ಲ, ಪೂರ್ತಿ 2,16,000 ನಷ್ಟ. ಆಗಲೂ ನಿಮ್ಮ ಹತ್ತಿರ ಅದೇ ದಿನ ಬರುತ್ತೇನೆ. ಆದರೆ ಪರಿಹಾರದ ಪ್ಲಾನ್ ಹಿಡಿದು ಬರಲು ಆಗುವುದಿಲ್ಲ. "ಏನಾದರೂ ದಾರಿ ಹುಡುಕೋಣ" ಎಂದು ಕ್ಲೈಂಟ್ ಅನ್ನು ತಿಂಗಳುಗಟ್ಟಲೆ ಎಳೆದಾಡುವುದು ನನಗೆ ಸರಿ ಕಾಣುವುದಿಲ್ಲ. ಬಾಗಿಲು ಮುಚ್ಚಿದೆ ಎಂದು ನೇರವಾಗಿ ಹೇಳಿ, ಬೇಕಿದ್ದರೆ ಇನ್ನೊಬ್ಬ ಆಡಿಟರ್ ಹತ್ತಿರ ಕೇಳಿ ನೋಡಿ ಎಂದು ಕಾಗದಪತ್ರ ಕೊಡಬೇಕು. ಆ ಕ್ಲೈಂಟ್ ನಮ್ಮನ್ನು ಬಿಟ್ಟು ಹೋಗುವ ಸಾಧ್ಯತೆ ಜಾಸ್ತಿ.

ಕೊನೆಗೆ ನನ್ನದೂ ಒಂದು ಪ್ರಶ್ನೆ ಇದೆ, ಸಂದರ್ಶನದಲ್ಲಿ ಉತ್ತರಿಸಿದರೆ ಸಾಕು. ಕೆಲವು ಕಚೇರಿಗಳಲ್ಲಿ ಇಂಥ ಬಡ್ಡಿಯನ್ನು ಕೆಲಸ ಮಾಡಿದವರ ಸಂಬಳದಲ್ಲಿ ಹಿಡಿಯುತ್ತಾರೆ. ನಿಮ್ಮಲ್ಲಿ ಆ ಪದ್ಧತಿ ಇದೆಯೇ? ಇದ್ದರೂ ನನ್ನ ಉತ್ತರ ಬದಲಾಗುವುದಿಲ್ಲ. ಆದರೆ ನನ್ನ ಕೈಕೆಳಗೆ ಇಬ್ಬರು ಹೊಸ ಹುಡುಗರು ಕೆಲಸ ಮಾಡುತ್ತಾರೆ ಎಂದು ಜಾಹೀರಾತಿನಲ್ಲಿ ಬರೆದಿದ್ದೀರಿ. ತಿಂಗಳಿಗೆ ಹದಿನೈದು ಸಾವಿರ ತೆಗೆದುಕೊಳ್ಳುವ ಹುಡುಗ 13 ಸಾವಿರದ ತಪ್ಪನ್ನು ನನ್ನ ಹತ್ತಿರ ಬಂದು ಹೇಳುತ್ತಾನೋ ಇಲ್ಲವೋ ಎಂಬುದು ಆ ಪದ್ಧತಿಯ ಮೇಲೆ ನಿಂತಿದೆ.