ಬುಧವಾರದ ಅಭ್ಯಾಸ: 14ರೊಳಗಿನವರ ಫುಟ್‌ಬಾಲ್ ತಂಡ

ಸಂಜೆ 4.15ರಿಂದ 5.30. ಮಕ್ಕಳು 15, ಚೆಂಡು 8, ಕೋನ್ 24, ಎರಡು ಬಣ್ಣದ ಬಿಬ್.

ಕಳೆದ ಪಂದ್ಯದಲ್ಲಿ ಚೆಂಡು ಹೋದ ಕಡೆಗೇ ಎಲ್ಲರೂ ಓಡಿದರು. ಇವತ್ತು ಅದನ್ನು ತಿದ್ದಬೇಕು.

4.15: ವಾರ್ಮಪ್. ಇಬ್ಬಿಬ್ಬರಿಗೆ ಒಂದು ಚೆಂಡು, ಒಂದು ಕಡೆ ಮೂವರು. ನಿಧಾನವಾಗಿ ಓಡುತ್ತಾ ಪಾದದ ಒಳಬದಿಯಿಂದ ಪಾಸ್.

4.25: ರೊಂಡೊ. 10 ಮೀಟರಿನ ಮೂರು ಚೌಕ. ಪ್ರತಿ ಚೌಕದಲ್ಲಿ ನಾಲ್ವರು ಅಂಚಿನಲ್ಲಿ, ಒಬ್ಬರು ನಡುವೆ. ಎರಡೇ ಟಚ್. ಚೆಂಡು ಕಳೆದುಕೊಂಡವರು ನಡುವೆ ಹೋಗಬೇಕು. ಪಾಸ್ ಕೊಟ್ಟು ಸುಮ್ನೆ ನಿಲ್ಲೋದು ಬೇಡ. ಎದುರಾಳಿಯ ಬೆನ್ನ ಹಿಂದೆ ಅಡಗಿದ್ದರೆ ಪಾಸ್ ಸಿಗಲ್ಲ, ಅಲ್ವಾ? ಅಂಚಿನಲ್ಲೇ ಎರಡು ಹೆಜ್ಜೆ ಸರಿದರೆ ದಾರಿ ತೆರೆಯುತ್ತದೆ. ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿಕೊಳ್ಳಬೇಕು. ನನಗೆ ಇದೇ ಮುಖ್ಯ, ಇಲ್ಲಿ ಆತುರ ಬೇಡ.

4.45: ನೀರು.

4.50: ಏಳು ಜನರ ಎರಡು ತಂಡ. ಉಳಿದ ಒಬ್ಬರು ಚೆಂಡು ಇರುವ ತಂಡದ ಕಡೆ ಆಡಬೇಕು. ಐದು ನಿಮಿಷಕ್ಕೊಮ್ಮೆ ಬದಲು. ಮೈದಾನವನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿ ಕೋನ್ ಇಡುವುದು. ಚೆಂಡು ನಮ್ಮದಾದಾಗ ಎರಡೂ ಬದಿಯ ಪಟ್ಟಿಯಲ್ಲಿ ಒಬ್ಬರಾದರೂ ಇರಲೇಬೇಕು. ಕಳೆದುಕೊಂಡ ತಕ್ಷಣ ಎಲ್ಲರೂ ನಡುವಿಗೆ ಹತ್ತಿರವಾಗಬೇಕು. ಗುಂಪುಗೂಡಿದರೆ ಸೀಟಿ ಊದುತ್ತೇನೆ, ಇದ್ದಲ್ಲೇ ನಿಲ್ಲಿ. ಯಾರು ಎಲ್ಲಿ ಹೋಗಬೇಕಿತ್ತು ಅಂತ ನೀವೇ ಹೇಳಬೇಕು. ತಪ್ಪು ಹೇಳಿದರೂ ಪರವಾಗಿಲ್ಲ.

5.15: ಪಟ್ಟಿ ತೆಗೆದು ಆಟ. ನಾನು ಮಾತಾಡುವುದಿಲ್ಲ.

5.25: ಸ್ಟ್ರೆಚಿಂಗ್. ಕೋನ್ ಎತ್ತಿಡುವುದು ಡಿಫೆಂಡರ್‌ಗಳ ಸರದಿ.