ಸುತ್ತೋಲೆ: ಹೊಸ ನೇಮಕಾತಿ ಮತ್ತು ಪ್ರಯಾಣಕ್ಕೆ ತಾತ್ಕಾಲಿಕ ತಡೆ

ದಿನಾಂಕ: 15 ಸೆಪ್ಟೆಂಬರ್ 2025
ಇವರಿಂದ: ಪ್ರಧಾನ ವ್ಯವಸ್ಥಾಪಕರು, ಪೀಣ್ಯ ಕಚೇರಿ
ಇವರಿಗೆ: ಪೀಣ್ಯ, ದೊಡ್ಡಬಳ್ಳಾಪುರ ಮತ್ತು ಮದ್ದೂರು ಘಟಕಗಳ ಎಲ್ಲ ವಿಭಾಗ ಮುಖ್ಯಸ್ಥರು, ಫ್ಲೋರ್ ಇನ್‌ಚಾರ್ಜ್‌ಗಳು ಮತ್ತು ಸಿಬ್ಬಂದಿ

ಆತ್ಮೀಯರೇ,

ಇಂದಿನಿಂದ ಡಿಸೆಂಬರ್ 31ರವರೆಗೆ ನಮ್ಮ ಮೂರೂ ಘಟಕಗಳಲ್ಲಿ ಹೊಸ ನೇಮಕಾತಿ ಮತ್ತು ಕೆಲಸದ ಮೇಲಿನ ಹೊರ ಊರಿನ ಪ್ರಯಾಣ ನಿಂತಿರುತ್ತದೆ. ಈಗ ಕೆಲಸದಲ್ಲಿರುವ ಯಾರನ್ನೂ ತೆಗೆಯುವುದಿಲ್ಲ. ಸಂಬಳದ ದಿನ ಬದಲಾಗುವುದಿಲ್ಲ. ಆಯುಧಪೂಜೆಗೆ ಮೊದಲು ಕೊಡುವ ಬೋನಸ್ಸಿನ ಹಣವನ್ನು ಬೇರೆಯೇ ತೆಗೆದಿಟ್ಟಿದ್ದೇವೆ, ಅದಕ್ಕೆ ಕೈ ಹಾಕುವುದಿಲ್ಲ.

ಕಾರಣ ನಿಮಗೆ ಗೊತ್ತಿರುವುದೇ. ಅಮೆರಿಕ ಆಗಸ್ಟ್ 7ರಿಂದ ಭಾರತದ ಸರಕಿನ ಮೇಲೆ ಶೇ 25ರಷ್ಟು, ಆಗಸ್ಟ್ 27ರಿಂದ ಇನ್ನೂ ಶೇ 25ರಷ್ಟು ಸುಂಕ ಹಾಕಿದೆ. ನಮ್ಮ ಆರ್ಡರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯದೇ. ಆಗಸ್ಟ್ 27ಕ್ಕೆ ಮೊದಲು ಹಡಗು ಹತ್ತಿದ ಸರಕು ಸೆಪ್ಟೆಂಬರ್ 17ಕ್ಕೆ ಮೊದಲು ಅಲ್ಲಿನ ಕಸ್ಟಮ್ಸ್ ದಾಟಿದರೆ ಎರಡನೇ ಶೇ 25 ಬೀಳುವುದಿಲ್ಲ ಎಂಬ ವಿನಾಯಿತಿ ಇತ್ತು. ಅದಕ್ಕಾಗಿ ಆಗಸ್ಟ್‌ನಲ್ಲಿ ಫಿನಿಶಿಂಗ್ ಮತ್ತು ಪ್ಯಾಕಿಂಗ್‌ನವರು ಹಗಲಿರುಳೆನ್ನದೆ ದುಡಿದರು, ಬಹುಪಾಲು ಸರಕು ಸಮಯಕ್ಕೆ ಹೊರಟಿತು. ಆದರೆ ಆ ಬಾಗಿಲು ಇನ್ನೆರಡು ದಿನಕ್ಕೆ ಮುಚ್ಚುತ್ತದೆ. ಇಬ್ಬರು ಬೈಯರ್‌ಗಳು ಮುಂದಿನ ಬೇಸಿಗೆ ಸೀಸನ್ನಿನ ಆರ್ಡರ್ ತಡೆಹಿಡಿದಿದ್ದಾರೆ, ಇನ್ನೊಬ್ಬರು ಸುಂಕದ ಒಂದು ಪಾಲನ್ನು ನಾವೇ ಹೊರಬೇಕೆಂದು ಕೇಳುತ್ತಿದ್ದಾರೆ. ಇತ್ತ ಬಟ್ಟೆ ಗೋಡೌನಿಗೆ ಬಂದು ಕೂತಿದೆ, ಅದಕ್ಕೆ ತೆಗೆದ ಪ್ಯಾಕಿಂಗ್ ಕ್ರೆಡಿಟ್ ಸಾಲದ ಬಡ್ಡಿ ಓಡುತ್ತಿದೆ. ಹತ್ತಿಯ ಆಮದು ಸುಂಕವನ್ನು ಕೇಂದ್ರ ಸರ್ಕಾರ ಡಿಸೆಂಬರ್ 31ರವರೆಗೆ ಮನ್ನಾ ಮಾಡಿರುವುದು ಒಳ್ಳೆಯದೇ, ಆದರೆ ಅದರ ಲಾಭ ನೂಲು, ಬಟ್ಟೆಯ ದರಕ್ಕೆ ಇಳಿದು ನಮ್ಮ ಕೈಗೆ ಸಿಗಲು ಸಮಯ ಬೇಕು.

ಈ ವರ್ಷದ ಪ್ರಯಾಣ ಬಜೆಟ್ ₹48 ಲಕ್ಷ. ಆಗಸ್ಟ್ ಮುಗಿಯುವಷ್ಟರಲ್ಲಿ ₹29 ಲಕ್ಷ ಖರ್ಚಾಗಿದೆ. ಉಳಿದ ₹19 ಲಕ್ಷದಲ್ಲಿ ₹14 ಲಕ್ಷವನ್ನು ಸಂಬಳದ ಖಾತೆಗೆ ವರ್ಗಾಯಿಸಿದ್ದೇವೆ. ಆರ್ಡರ್ ಕಡಿಮೆಯಾದ ತಿಂಗಳಲ್ಲೂ ಪೂರ್ತಿ ಸಂಬಳ ಕೊಡಬೇಕಾದರೆ ಬೇರೆ ದಾರಿ ಕಾಣಲಿಲ್ಲ.

ನೇಮಕಾತಿ: ಗೇಟಿನಲ್ಲಿರುವ ‘ಟೈಲರ್‌ಗಳು ಬೇಕಾಗಿದ್ದಾರೆ’ ಬೋರ್ಡನ್ನು ಮೂರೂ ಕಡೆ ಇವತ್ತೇ ಇಳಿಸಿ. ಕೆಲಸವಿದೆ ಎಂದು ನಂಬಿ ಬಸ್ ಚಾರ್ಜ್ ಕೊಟ್ಟು ಬಂದ ಹೆಣ್ಣುಮಕ್ಕಳನ್ನು ಗೇಟಿನಿಂದ ವಾಪಸ್ ಕಳಿಸುವಂತಾಗಬಾರದು. ಯಾರಾದರೂ ಕೆಲಸ ಬಿಟ್ಟರೆ ಮೊದಲು ಬೇರೆ ಲೈನ್‌ನಿಂದ ಹೊಂದಿಸಿಕೊಳ್ಳಿ. ಹೊಂದದಿದ್ದರೆ ಆ ಲೈನ್‌ನ ಗಂಟೆ ಟಾರ್ಗೆಟ್ ಕೂಡ ಇಳಿಯಬೇಕು. ಹೋದವರ ಪೀಸನ್ನು ಉಳಿದವರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಸೂಪರ್‌ವೈಸರ್‌ಗಳು ಇದನ್ನು ಆದೇಶವೆಂದೇ ತಿಳಿಯಿರಿ. ಓಟಿ ಬೇಕಾದರೆ ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಕಾನೂನಿನಂತೆ ಎರಡು ಪಟ್ಟು ಕೂಲಿ ಕೊಡಲಾಗುತ್ತದೆ.

ಈಗಾಗಲೇ ಆಫರ್ ಲೆಟರ್ ಕೈಸೇರಿದವರಿಗೆ ಈ ತಡೆ ಇಲ್ಲ. ಕೊಟ್ಟ ಮಾತಿನಂತೆ ಅವರು ಸೇರುತ್ತಾರೆ. ಬಾಯ್ಲರ್ ಅಟೆಂಡೆಂಟ್, ಎಲೆಕ್ಟ್ರಿಷಿಯನ್, ನರ್ಸ್, ಶಿಶುಪಾಲನಾ ಕೊಠಡಿಯ ಆಯಾ, ಇವರ ಜಾಗ ಖಾಲಿಯಾದರೆ ತಡಮಾಡದೆ ತುಂಬಬಹುದು. ಆಯಾ ಇಲ್ಲದೆ ಮಕ್ಕಳನ್ನು ಒಂದು ದಿನವೂ ಬಿಡಲಾಗದು. ಹೆರಿಗೆ ರಜೆಗೆ ಹೋದವರ ಬದಲಿಗೆ ತಾತ್ಕಾಲಿಕ ನೇಮಕ ಮಾಡಿಕೊಳ್ಳಬಹುದು. ರಜೆ ಮುಗಿಸಿ ಬಂದವರಿಗೆ ಅವರ ಜಾಗ ಹಾಗೇ ಇರುತ್ತದೆ.

ಪ್ರಯಾಣ: ವಿದೇಶ ಪ್ರವಾಸ, ಮೇಳಗಳು, ತರಬೇತಿ ಎಲ್ಲವೂ ನಿಂತಿವೆ. ಬೈಯರ್ ಜೊತೆಗಿನ ಮಾತುಕತೆಯನ್ನು ವಿಡಿಯೋ ಕರೆಯಲ್ಲಿ ಮುಗಿಸಿ, ಸ್ಯಾಂಪಲ್‌ಗಳನ್ನು ಕೊರಿಯರ್ ಮಾಡಿ. ಆದರೆ ಬಟ್ಟೆಯ ಬಣ್ಣ, ತೂಕ, ಕುಗ್ಗುವಿಕೆಯನ್ನು ಪರದೆಯ ಮೇಲೆ ನೋಡಿ ಒಪ್ಪಲಾಗದು. ಒಂದು ರೋಲ್ ಶೇಡ್ ತಪ್ಪಿದರೆ ಕಟಿಂಗ್ ಮುಗಿದ ಮೇಲೆ ಆಗುವ ನಷ್ಟ ತಿರುಪ್ಪೂರಿನ ರೈಲು ಟಿಕೆಟ್ಟಿಗಿಂತ ಎಷ್ಟೋ ದೊಡ್ಡದು. ಹಾಗಾಗಿ ಬಲ್ಕ್ ಬಟ್ಟೆಯ ತಪಾಸಣೆಗೆ ಒಬ್ಬರು ಹೋಗಬಹುದು. ಬೈಯರ್ ಆಡಿಟ್, ಕೋರ್ಟ್, ಕಾರ್ಮಿಕ ಇಲಾಖೆ, ಪಿಎಫ್ ಮತ್ತು ಇಎಸ್‌ಐ ಕೆಲಸಗಳಿಗೂ ಅನುಮತಿ ಇದೆ. ಘಟಕಗಳ ನಡುವಿನ ವ್ಯಾನ್ ಮತ್ತು ಕಾರ್ಮಿಕರ ಬಸ್ಸುಗಳು ಎಂದಿನಂತೆ ಓಡುತ್ತವೆ. ಈಗಾಗಲೇ ಬುಕ್ ಆಗಿರುವ ಟಿಕೆಟ್‌ಗಳನ್ನು ಶುಕ್ರವಾರದೊಳಗೆ ರದ್ದು ಮಾಡಿ. ರದ್ದತಿ ಶುಲ್ಕ ಕಂಪನಿಯದು, ಯಾರ ಜೇಬಿನಿಂದಲೂ ಹೋಗಬಾರದು.

ಇದರಾಚೆಗೆ ನಿಜವಾದ ಅಗತ್ಯವಿದ್ದರೆ ವಿಭಾಗ ಮುಖ್ಯಸ್ಥರು ಒಂದು ಪುಟದಲ್ಲಿ ಕಾರಣ ಮತ್ತು ಅಂದಾಜು ಖರ್ಚು ಬರೆದು ನನಗೆ ಕಳಿಸಿ. ಎರಡು ಕೆಲಸದ ದಿನಗಳೊಳಗೆ ಉತ್ತರ ಕೊಡುತ್ತೇನೆ. ಕಾರ್ಮಿಕರಿಗೆ ಅಪಘಾತ ಅಥವಾ ಆರೋಗ್ಯದ ತುರ್ತು ಬಂದರೆ ಅನುಮತಿಗೆ ಕಾಯಬೇಡಿ. ಗಾಡಿ ಹೊರಡಲಿ, ಕಾಗದ ಆಮೇಲೆ.

ನವೆಂಬರ್ ಮೊದಲ ವಾರದಲ್ಲಿ ಆರ್ಡರ್‌ಗಳನ್ನು ನೋಡಿ ಈ ತಡೆಯನ್ನು ಮರುಪರಿಶೀಲಿಸುತ್ತೇವೆ. ಅವಧಿ ಕಡಿಮೆಯಾದರೂ ಹೆಚ್ಚಾದರೂ ಕಾರಣ ಸಮೇತ ತಿಳಿಸುತ್ತೇವೆ. ಫ್ಲೋರ್ ಇನ್‌ಚಾರ್ಜ್‌ಗಳು ಈ ಸುತ್ತೋಲೆಯನ್ನು ನಾಳೆ ಬೆಳಗ್ಗೆ ಲೈನ್ ಶುರುವಾಗುವ ಮುನ್ನ ಎಲ್ಲರಿಗೂ ಓದಿ ಹೇಳಿ, ಸೂಚನಾ ಫಲಕಕ್ಕೂ ಹಾಕಿ. ನಾನು ಬುಧವಾರ ಮದ್ದೂರಿನಲ್ಲಿ, ಗುರುವಾರ ದೊಡ್ಡಬಳ್ಳಾಪುರದಲ್ಲಿ ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಇರುತ್ತೇನೆ. ಏನು ಕೇಳಬೇಕಿದ್ದರೂ ನೇರವಾಗಿ ಕೇಳಿ.

ಸಹಿ/-
ಪ್ರಧಾನ ವ್ಯವಸ್ಥಾಪಕರು

ಪ್ರತಿ: ಲೆಕ್ಕಪತ್ರ ವಿಭಾಗ, ಮಾನವ ಸಂಪನ್ಮೂಲ ವಿಭಾಗ, ಮೂರೂ ಘಟಕಗಳ ಕಾರ್ಮಿಕ ಸಮಿತಿಗಳು